ಹೆಬ್ಬೆಟ್ಟಿನ ಗುರುತನ್ನು ಓದಿದ ಮಕ್ಕಳು: ಇಂಗ್ಲಿಷ್ ಪದಕಾರ್ಡುಗಳ ಇತಿಹಾಸ



ನಿಮ್ಮಲ್ಲಿ ಉರ್ದು ಓದಲು ಕಲಿತವರು 'ಖುಶ್' ಎಂಬ ಪದವನ್ನು ಒಮ್ಮೆ ಮನಸ್ಸಿನಲ್ಲೇ ಬರೆದು ನೋಡಿ. ಖೇ, ವಾವ್, ಶೀನ್ ಎಂಬ ಮೂರು ಅಕ್ಷರಗಳು. ಆದರೆ ಓದುವಾಗ ನಡುವಿನ ವಾವ್ ತನ್ನ ಧ್ವನಿಯನ್ನು ಕೊಡುವುದೇ ಇಲ್ಲ. 'ಖುದ್' ಎಂಬಲ್ಲಿಯೂ ಹಾಗೆಯೇ. 'ಖ್ವಾಬ್' ಎಂದು ಬರೆದು 'ಖಾಬ್' ಎಂದು ಓದುತ್ತೇವೆ. ಇದಕ್ಕೆ ವಾವ್-ಎ-ಮಾದೂಲಾ ಎಂಬ ಹೆಸರನ್ನೂ ಕೊಟ್ಟು ನಮ್ಮ ಉಸ್ತಾದರು ಬಾಯಿಪಾಠ ಮಾಡಿಸಿದ್ದರು. ಬಹಳ ಹಿಂದೆ ಪಾರಸಿಯಲ್ಲಿ ಈ ಪದಗಳನ್ನು ತುಟಿ ದುಂಡಾಗಿಸಿ 'ಖ್ವ' ಎಂದೇ ಉಚ್ಚರಿಸುತ್ತಿದ್ದರು. ಬಾಯಿ ಬದಲಾಯಿತು, ಲೇಖನಿ ಬದಲಾಗಲಿಲ್ಲ.

ಕನ್ನಡವನ್ನು ಮಾತ್ರ ಓದಿದ ಮಗುವಿಗೆ ಇಂತಹ ಅನುಭವ ಬಹಳ ಕಡಿಮೆ. ಕಾಗುಣಿತ ಬಂದರೆ ಯಾವ ಪದವನ್ನಾದರೂ ಕೂಡಿಸಿ ಓದಬಹುದು ಎಂಬ ಧೈರ್ಯ ಅದಕ್ಕೆ ಇರುತ್ತದೆ. 2007-08ನೇ ಸಾಲಿನಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಾಗ, ಈ ಧೈರ್ಯವೇ ಮಗುವಿಗೆ ತೊಡಕಾಯಿತು. ಡಬ್ಲ್ಯು, ಎ, ಎಸ್ ಬರೆದು 'ವಾಸ್' ಎಂದರೆ ತಪ್ಪು, 'ವಾಝ್' ಎನ್ನಬೇಕು. ಎಸ್, ಎ, ಐ, ಡಿ ಬರೆದು 'ಸೈದ್' ಎಂದರೆ ತಪ್ಪು, 'ಸೆಡ್' ಎನ್ನಬೇಕು. ಒ, ಎನ್, ಇ ಬರೆದು 'ಒನೆ' ಎಂದರೆ ತರಗತಿಯೆಲ್ಲ ನಗುತ್ತದೆ. ಹೀಗೆ ಎರಡು ಸಲ ನಗೆಪಾಟಲಾದ ಮಗು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ.

ಇದಕ್ಕೆ ಪರಿಹಾರವೆಂದು ಎಲ್ಲ ಕಡೆ ಹೇಳುವುದು ಪದಕಾರ್ಡು, ಅಂದರೆ ಫ್ಲ್ಯಾಶ್ ಕಾರ್ಡು. ಪದವನ್ನು ರಟ್ಟಿನ ಮೇಲೆ ಬರೆ, ತೋರಿಸು, ಓದಿಸು, ಕಂಡ ಕೂಡಲೇ ಹೇಳುವಷ್ಟು ಅಭ್ಯಾಸ ಮಾಡಿಸು. ನಾನೂ ಹಾಗೆಯೇ ಮಾಡಿದೆ. ಎರಡನೇ ತರಗತಿಯ ಒಬ್ಬ ಹುಡುಗಿ 'ಸೆಡ್' ಎಂಬ ಕಾರ್ಡನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದಳು. ನನಗೆ ಬಹಳ ಸಂತೋಷ. ಆ ಕಾರ್ಡಿನ ಮೂಲೆ ಹರಿದುಹೋದಾಗ ಹೊಸದೊಂದನ್ನು ಬರೆದು ತಂದೆ. ಹುಡುಗಿ ಸುಮ್ಮನೆ ನಿಂತಳು. ಹಳೆಯದನ್ನು ತೋರಿಸಿದೆ, ತಕ್ಷಣ 'ಸೆಡ್' ಎಂದಳು. ಏನು ನೋಡಿ ಹೇಳಿದೆಯಮ್ಮಾ ಎಂದು ಕೇಳಿದರೆ ಕಾರ್ಡಿನ ಕೆಳಗಿದ್ದ ಚಹಾದ ಕಲೆಯ ಮೇಲೆ ಬೆರಳಿಟ್ಟು, "ಇದು ಇದೆಯಲ್ಲ ಟೀಚರ್" ಎಂದಳು. ಕಲೆ ನನ್ನ ಲೋಟದ್ದೇ.

ನಮ್ಮ ಶಾಲೆಯಲ್ಲಿ ಆದದ್ದು ಹೊಸದೇನಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಪದಕಾರ್ಡಿನ ಸುಮಾರು ಇನ್ನೂರು ವರ್ಷಗಳ ಇತಿಹಾಸವೇ ಇದರ ಸುತ್ತ ತಿರುಗುತ್ತದೆ. ಕಾರ್ಡು ನೋಡುವ ಮಗು ನಿಜವಾಗಿ ಏನನ್ನು ನೋಡುತ್ತದೆ?

ಮೊದಲು, ಇಂಗ್ಲಿಷಿನ ಬರಹ ಹೀಗೇಕೆ ಎಂಬುದನ್ನು ಸ್ವಲ್ಪ ನೋಡೋಣ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಬಳಿಯ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ. ಮುದ್ರಣ ಬಂದ ಮೇಲೆ ಕಾಗುಣಿತ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಬಂತು. ಉಚ್ಚಾರಣೆ ಮಾತ್ರ ಅದೇ ಶತಮಾನಗಳಲ್ಲಿ ವೇಗವಾಗಿ ಬದಲಾಗುತ್ತಿತ್ತು. 'ಟು' ಅಂದರೆ ಎರಡು ಎಂಬ ಪದದ ನಡುವೆ ಡಬ್ಲ್ಯು ಇದೆ. ಅದು ಒಂದು ಕಾಲದಲ್ಲಿ ಬಾಯಲ್ಲಿ ಕೇಳುತ್ತಿದ್ದ ಧ್ವನಿ. 'ಟ್ವೆಂಟಿ', 'ಟ್ವೆಲ್ವ್', 'ಟ್ವಿನ್' ಪದಗಳಲ್ಲಿ ಇಂದಿಗೂ ಕೇಳುತ್ತದೆ. 'ಸೆಡ್' ಎಂಬುದು ಹಿಂದೆ 'ಪೇಡ್', 'ಲೇಡ್' ಪದಗಳ ಜೊತೆಗಾರ. ಬರಹ ಮೂರಕ್ಕೂ ಒಂದೇ ರೀತಿ. ದಿನಕ್ಕೆ ನೂರು ಸಲ ಬಾಯಿಗೆ ಬರುವ ಪದವಾದ್ದರಿಂದ ಅದರ ಸ್ವರ ಸವೆದು ಮೊಟಕಾಯಿತು. 'ಕಮ್', 'ಸಮ್' ಪದಗಳಲ್ಲಿ ಯು ಇರಬೇಕಾದ ಕಡೆ ಒ ಏಕೆ? ಹಳೆಯ ಲಿಪಿಕಾರರ ಕೈಬರಹದಲ್ಲಿ ಯು, ಎಂ, ಎನ್ ಎಲ್ಲವೂ ಸಾಲಾಗಿ ನಿಲ್ಲಿಸಿದ ಕಡ್ಡಿಗಳಂತೆ ಕಾಣುತ್ತಿದ್ದವು. ಯಾವ ಕಡ್ಡಿ ಯಾವ ಅಕ್ಷರದ್ದೆಂದು ತಿಳಿಯಲಿ ಎಂದು ಯು ಬದಲು ಒ ಬರೆದರು. 'ಕುಡ್' ಪದದ ಎಲ್ ಅಕ್ಷರದ ಕಥೆ ಇನ್ನೂ ತಮಾಷೆಯದು. ಅದು ಮೂಲದಲ್ಲಿ ಆ ಪದದಲ್ಲಿ ಇರಲೇ ಇಲ್ಲ. 'ವುಡ್', 'ಶುಡ್' ಪದಗಳಲ್ಲಿ ಇದೆಯಲ್ಲ ಎಂದು ಇದಕ್ಕೂ ಸೇರಿಸಿದರು.

ಹೆಚ್ಚು ಬಳಕೆಯ ಪದವೇ ಹೆಚ್ಚು ಸವೆಯುತ್ತದೆ. ಹೀಗಾಗಿ ಮಗು ಪುಸ್ತಕ ತೆರೆದ ಮೊದಲ ಪುಟದಲ್ಲೇ ಅತ್ಯಂತ ವಕ್ರವಾದ ಪದಗಳನ್ನು ಎದುರಿಸಬೇಕಾಗುತ್ತದೆ.

ಈಗ ಕಾರ್ಡಿನ ಕಥೆಗೆ ಬರೋಣ. ಇಂಗ್ಲೆಂಡಿನಲ್ಲಿ ಫೇವೆಲ್ ಲೀ ಮಾರ್ಟಿಮರ್ ಎಂಬ ಲೇಖಕಿ 1834ರಲ್ಲಿ 'ರೀಡಿಂಗ್ ಡಿಸೆಂಟ್ಯಾಂಗಲ್ಡ್' ಎಂಬ ಹೆಸರಿನಲ್ಲಿ ಓದು ಕಲಿಸುವ ಹಾಳೆಗಳನ್ನು ಪ್ರಕಟಿಸಿದಳು. ಫ್ಲ್ಯಾಶ್ ಕಾರ್ಡಿನ ಮೊದಲ ರೂಪವೆಂದು ಇದನ್ನೇ ಹೆಸರಿಸುವುದುಂಟು. ಅದರ ಕ್ರಮ ಧ್ವನಿಯದು. ಅಕ್ಷರದ ಧ್ವನಿಗಳನ್ನು ಕೂಡಿಸಿ ಪದ ಮಾಡಿಸುವುದು.

ಅದೇ ಸುಮಾರಿಗೆ ಅಮೆರಿಕದಲ್ಲಿ ಬೇರೊಂದು ದಾರಿ ತೆರೆಯಿತು. ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್ 1817ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಕಿವುಡ ಮಕ್ಕಳ ಶಾಲೆಯನ್ನು ತೆರೆದವನು. ಕೇಳಿಸದ ಮಗುವಿಗೆ ಅಕ್ಷರದ ಧ್ವನಿ ಹೇಳಿ ಪ್ರಯೋಜನವಿಲ್ಲ. ಆದುದರಿಂದ ವಸ್ತು ಅಥವಾ ಚಿತ್ರವನ್ನು ತೋರಿಸಿ ಅದರ ಇಡೀ ಪದವನ್ನು ಒಮ್ಮೆಲೇ ತೋರಿಸುವ ಕ್ರಮ ಅಲ್ಲಿ ಸಹಜವಾಗಿತ್ತು. ಇದೇ ಕ್ರಮ ಕೇಳಿಸುವ ಮಕ್ಕಳಿಗೂ ಒಳ್ಳೆಯದಲ್ಲವೇ ಎಂದು ಅವನಿಗೆ ಅನ್ನಿಸಿತು. 1830ರ ದಶಕದಲ್ಲಿ ಅವನು ಬರೆದ ಬಾಲಬೋಧೆಗಳು ಇಡೀ ಪದದಿಂದಲೇ ಆರಂಭವಾದವು. ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿ ಹೊರೇಸ್ ಮಾನ್ ಇದನ್ನು ಎತ್ತಿಹಿಡಿದ. ಬಾಸ್ಟನ್ನಿನ 31 ಮಂದಿ ಮಾಸ್ತರರು 1844ರಲ್ಲಿ ಪುಸ್ತಕವನ್ನೇ ಬರೆದು ಅವನನ್ನು ವಿರೋಧಿಸಿದರು. ಅಕ್ಷರ ಕಲಿಸದೆ ಪದ ಕಲಿಸಿದರೆ ಪ್ರತಿಯೊಂದು ಹೊಸ ಪದವೂ ಮಗುವಿಗೆ ಅಪರಿಚಿತವಾಗಿಯೇ ಉಳಿಯುತ್ತದೆ ಎಂಬುದು ಅವರ ವಾದದ ಸಾರ. ಆ ಜಗಳ ಅಲ್ಲಿಗೆ ಮುಗಿಯಲಿಲ್ಲ, ಮುಂದಿನ ಶತಮಾನಕ್ಕೂ ದಾಟಿತು.

ಇಂದು ಅಂಗಡಿಯಲ್ಲಿ ಸಿಗುವ ಪದಕಾರ್ಡಿನ ಕಟ್ಟುಗಳ ಮೂಲಪುರುಷ ಎಡ್ವರ್ಡ್ ವಿಲಿಯಂ ಡಾಲ್ಚ್. ಇಲಿನಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 1936ರಲ್ಲಿ ಅವನು ಒಂದು ಚಿಕ್ಕ ಲೇಖನ ಬರೆದು 220 ಪದಗಳ ಪಟ್ಟಿಯನ್ನು ಕೊಟ್ಟ. ಅದಕ್ಕಿಂತ ಮೊದಲೇ ಇದ್ದ, ಚಿಕ್ಕ ಮಕ್ಕಳ ಪದಗಳ ಮೂರು ಪಟ್ಟಿಗಳನ್ನು ಎದುರಿಗಿಟ್ಟುಕೊಂಡು, ಮುಖ್ಯವಾಗಿ ಮೂರರಲ್ಲೂ ಬರುವ ಪದಗಳನ್ನು ಆರಿಸಿದ. ಅವನು ಮಾಡಿದ ಜಾಣ ಕೆಲಸವೆಂದರೆ ನಾಮಪದಗಳನ್ನು ಕೈಬಿಟ್ಟದ್ದು. ನಾಯಿ, ದೋಣಿ, ಸೇಬು ಎಂಬ ಪದಗಳು ಪಾಠದ ವಿಷಯಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೆ 'ದ', 'ಆಫ್', 'ವಾಝ್', 'ದೇರ್', 'ಸೆಡ್' ಪದಗಳು ಯಾವ ಪಾಠದಲ್ಲೂ ತಪ್ಪುವುದಿಲ್ಲ. ನಾಮಪದಗಳಿಗೆ 95ರ ಬೇರೆ ಪಟ್ಟಿ ಮಾಡಿದ. ಅವನೂ ಅವನ ಪತ್ನಿ ಮಾರ್ಗರೀಟ್ ಡಾಲ್ಚ್‌ರೂ ಸೇರಿ ತಯಾರಿಸಿದ ಕಾರ್ಡುಗಳು ಮತ್ತು ಆಟಗಳನ್ನು ಗ್ಯಾರಾರ್ಡ್ ಪ್ರೆಸ್ ಮಾರಿತು. ಒಂದರ ಹೆಸರು 'ಪಾಪರ್ ವರ್ಡ್ಸ್'. ಇನ್ನೊಂದು ನಮ್ಮ ತಂಬೋಲಾ ಮಾದರಿಯ ಗುಂಪಿನ ಆಟ, ಅದರಲ್ಲಿ ಅಂಕಿಗಳ ಜಾಗದಲ್ಲಿ ಪದಗಳಿದ್ದವು.

ಡಾಲ್ಚ್‌ನ ಪದಗಳಲ್ಲಿ ಒಂದು ಕಷ್ಟವಿದೆ. ಇದನ್ನು ಕನ್ನಡ, ಉರ್ದು ಎರಡನ್ನೂ ಕಲಿಸುವವರು ಚೆನ್ನಾಗಿ ಬಲ್ಲರು. 'ಆಫ್', 'ಟು', 'ಇನ್' ಪದಗಳ ಚಿತ್ರ ಬರೆಯಲು ಆಗುವುದಿಲ್ಲ. ಕನ್ನಡದಲ್ಲಿ ಅರ್ಥ ಹೇಳೋಣವೆಂದರೆ ಅವು ಪದಗಳೇ ಅಲ್ಲ, ಪದದ ಬಾಲಕ್ಕೆ ಅಂಟಿದ ವಿಭಕ್ತಿ ಪ್ರತ್ಯಯಗಳು. 'ಶಾಲೆಗೆ' ಎಂಬುದರಿಂದ 'ಗೆ' ಕಿತ್ತು ಕಾರ್ಡಿನಲ್ಲಿ ಬರೆದರೆ ಮಗುವಿಗೆ ಏನೂ ತೋಚದು. ಉರ್ದುವಿನಲ್ಲಿ 'ಕಾ', 'ಕೋ', 'ಮೇಂ', 'ಸೇ' ಬೇರೆಬೇರೆಯಾಗಿ ನಿಲ್ಲುವ ಪದಗಳು, ಹಾಗಾಗಿ ಉರ್ದು ಓದುವ ಮಗುವಿಗೆ ಇದು ತುಸು ಸುಲಭ. ಡಾಲ್ಚ್ ದಂಪತಿಗಳು ಪದಗುಚ್ಛಗಳ ಕಾರ್ಡುಗಳನ್ನೂ ಮಾಡಿದ್ದರು. ನಮ್ಮ ಮಕ್ಕಳಿಗೆ ಅವೇ ಹೆಚ್ಚು ಉಪಯುಕ್ತ. 'ಟು' ಎಂಬ ಒಂಟಿ ಪದಕ್ಕಿಂತ 'ಟು ದ ಸ್ಕೂಲ್' ಎಂಬ ಗುಚ್ಛವನ್ನು ತೋರಿಸಿದರೆ ಮಗು ತಾನೇ 'ಶಾಲೆಗೆ' ಎನ್ನುತ್ತದೆ.

ಬ್ರಿಟನ್ನಿನಲ್ಲಿ ಇದೇ ದಾರಿಯಲ್ಲಿ ನಡೆದವರು ಮೆಕ್‌ನ್ಯಾಲಿ ಮತ್ತು ವಿಲಿಯಂ ಮರ್ರಿ. ಕೇವಲ 12 ಪದಗಳು ನಮ್ಮ ಇಂಗ್ಲಿಷ್ ಓದಿನ ಕಾಲು ಭಾಗವನ್ನೂ, 100 ಪದಗಳು ಸುಮಾರು ಅರ್ಧ ಭಾಗವನ್ನೂ ತುಂಬುತ್ತವೆ ಎಂಬುದು ಅವರ ಲೆಕ್ಕ. 1964ರಿಂದ ಲೇಡಿಬರ್ಡ್ ಪ್ರಕಾಶನ ಹೊರತಂದ ಪೀಟರ್ ಮತ್ತು ಜೇನ್ ಪುಸ್ತಕಗಳು ಈ ಲೆಕ್ಕದ ಮೇಲೆಯೇ ನಿಂತಿವೆ. ಓದುಗರಲ್ಲಿ ಕೆಲವರಾದರೂ ಅವುಗಳ ಪುಟ ತಿರುವಿರಬಹುದು.

ಪದವನ್ನು ನೋಡು, ಹೇಳು ಎಂಬ ಈ ಕ್ರಮದ ಮೇಲೆ 1955ರಲ್ಲಿ ರುಡಾಲ್ಫ್ ಫ್ಲೆಷ್ 'ವೈ ಜಾನಿ ಕಾಂಟ್ ರೀಡ್' ಎಂಬ ಪುಸ್ತಕ ಬರೆದು ಹರಿಹಾಯ್ದ. ಅಕ್ಷರಗಳಿರುವ ಭಾಷೆಯನ್ನು ಚಿತ್ರಲಿಪಿಯಂತೆ ಕಲಿಸುತ್ತಿದ್ದೀರಿ ಎಂಬುದು ಅವನ ದೂರು. ಅವನ ಮಾತಿನಲ್ಲಿ ಕೋಪ ಹೆಚ್ಚಿತ್ತು. ದೂರಿಗೆ ಆಧಾರ ಒದಗಿದ್ದು ಆಮೇಲಿನ ಪ್ರಯೋಗಗಳಿಂದ.

ಅವುಗಳಲ್ಲಿ ಒಂದನ್ನು ಓದಿದಾಗ ನನಗೆ ನನ್ನ ಚಹಾದ ಕಲೆ ನೆನಪಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಫಿಲಿಪ್ ಗಾಫ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ್ದು. ಓದಲು ಇನ್ನೂ ಬಾರದ ನಾಲ್ಕೈದು ವರ್ಷದ ಮಕ್ಕಳಿಗೆ ಕೆಲವು ಪದಕಾರ್ಡುಗಳನ್ನು ಕಲಿಸಿದರು. ಒಂದು ಕಾರ್ಡಿನ ಮೂಲೆಯಲ್ಲಿ ಬೇಕೆಂದೇ ಹೆಬ್ಬೆಟ್ಟಿನ ಗುರುತು ಒತ್ತಿದ್ದರು. ಮಕ್ಕಳು ಎಲ್ಲಕ್ಕಿಂತ ಬೇಗ ಕಲಿತದ್ದು ಆ ಕಾರ್ಡನ್ನೇ. ಆಮೇಲೆ ಅದೇ ಪದವನ್ನು ಗುರುತಿಲ್ಲದ ಕಾರ್ಡಿನಲ್ಲಿ ತೋರಿಸಿದರೆ ಅರ್ಧಕ್ಕರ್ಧ ಮಕ್ಕಳಿಗೂ ತಿಳಿಯಲಿಲ್ಲ. ಬೇರೆ ಪದದ ಜೊತೆ ಹೆಬ್ಬೆಟ್ಟು ತೋರಿಸಿದರೆ ಹಳೆಯ ಪದವನ್ನೇ ಹೇಳಿದರು. ಮಕ್ಕಳದು ತಪ್ಪಲ್ಲ. ಅವರನ್ನು ಗುರುತಿಸಲು ಹೇಳಿದ್ದೆವು, ಯಾವುದು ಸುಲಭವೋ ಅದನ್ನು ಹಿಡಿದು ಗುರುತಿಸಿದರು.

ಇನ್ನೊಂದು ಪ್ರಯೋಗ ಲಿನಿಯಾ ಎಹ್ರಿ ಮತ್ತು ಲೀ ವಿಲ್ಸ್ 1985ರಲ್ಲಿ ಪ್ರಕಟಿಸಿದ್ದು. ಶಿಶುವಿಹಾರದ ಮಕ್ಕಳಿಗೆ ಎರಡು ಬಗೆಯ ಕೃತಕ ಕಾಗುಣಿತಗಳನ್ನು ಕಲಿಸಿದರು. ಒಂದು ಬಗೆ ಧ್ವನಿಗೆ ಹೊಂದುವಂಥದು, ಉದಾಹರಣೆಗೆ ಜಿರಾಫೆಗೆ ಜೆ, ಆರ್, ಎಫ್. ಇನ್ನೊಂದು ಬಗೆಯಲ್ಲಿ ಅಕ್ಷರಗಳ ಆಕಾರ ಕಣ್ಣಿಗೆ ಎದ್ದು ಕಾಣುವಂತಿತ್ತು, ಧ್ವನಿಗೆ ಸಂಬಂಧವಿರಲಿಲ್ಲ. ಅಕ್ಷರ ತಿಳಿಯದ ಮಕ್ಕಳಿಗೆ ಎರಡನೆಯದು ಸುಲಭವಾಯಿತು. ಓದಲು ಸ್ವಲ್ಪ ಆರಂಭಿಸಿದ್ದ ಮಕ್ಕಳಿಗೆ ಮೊದಲನೆಯದೇ ಸುಲಭ. ಎಂದರೆ ಅಕ್ಷರದ ಧ್ವನಿ ತಿಳಿದ ಮಗು ಪದವನ್ನು ಚಿತ್ರದಂತೆ ನೆನಪಿಡುವುದಿಲ್ಲ. ಬಾಯಲ್ಲಿರುವ ಧ್ವನಿಗಳನ್ನು ಕಾಗದದ ಅಕ್ಷರಗಳಿಗೆ ಒಂದೊಂದಾಗಿ ಗಂಟುಹಾಕಿ ನೆನಪಿಡುತ್ತದೆ. ವಕ್ರ ಕಾಗುಣಿತದ ಪದದಲ್ಲೂ ಹೀಗೆಯೇ, ಏಕೆಂದರೆ ಅದರಲ್ಲಿ ವಕ್ರವಾಗಿರುವುದು ಸಾಮಾನ್ಯವಾಗಿ ಒಂದೇ ಜಾಗ. 'ಸೆಡ್' ಪದದ ಮೊದಲ ಎಸ್ ಸರಿಯಾಗಿದೆ, ಕೊನೆಯ ಡಿ ಸರಿಯಾಗಿದೆ. ನಡುವೆ ಎ-ಐ ಮಾತ್ರ ಹಾದಿ ತಪ್ಪಿದೆ.

ಇಲ್ಲಿಗೆ ಕಾರ್ಡನ್ನು ಎಸೆಯಬೇಕೆಂದಲ್ಲ. ಹಿಡಿಯುವ ರೀತಿಯನ್ನು ಬದಲಿಸಬೇಕಾಯಿತು. ನಾನು ಈಗ 'ಸೆಡ್' ಪದವನ್ನು ಹೇಗೆ ಕಲಿಸುತ್ತೇನೆ ಎಂದು ಹೇಳುತ್ತೇನೆ.

ಮೊದಲು ಕಾರ್ಡು ತೋರಿಸುವುದಿಲ್ಲ. ಬಾಯಲ್ಲಿ ಒಂದು ವಾಕ್ಯ ಹೇಳಿ ಅರ್ಥ ತಿಳಿಸುತ್ತೇನೆ. ಆಮೇಲೆ ಮಕ್ಕಳು ಪದವನ್ನು ಎಳೆದು ಹೇಳುತ್ತ ಎಷ್ಟು ಧ್ವನಿಗಳಿವೆ ಎಂದು ಬೆರಳೆಣಿಸುತ್ತಾರೆ: ಸ್, ಎ, ಡ್. ಮೂರು. ಕಪ್ಪುಹಲಗೆಯ ಮೇಲೆ ಮೂರು ಮನೆಗಳನ್ನು ಬರೆಯುತ್ತೇನೆ. ಮೊದಲ ಮತ್ತು ಕೊನೆಯ ಮನೆಯನ್ನು ಮಕ್ಕಳೇ ತುಂಬುತ್ತಾರೆ. ನಡುವಿನ ಮನೆಗೆ ಬಹುತೇಕ ಎಲ್ಲರೂ ಇ ಎಂಬ ಅಕ್ಷರವನ್ನೇ ಸೂಚಿಸುತ್ತಾರೆ. ಅದು ಜಾಣ ಊಹೆ ಎಂದು ಹೇಳಿಯೇ, ಇಲ್ಲಿ ಮಾತ್ರ ಎ-ಐ ಬರೆಯುತ್ತಾರೆ ಎಂದು ಬಣ್ಣದ ಸೀಮೆಸುಣ್ಣದಿಂದ ತುಂಬುತ್ತೇನೆ. ಪಕ್ಕದಲ್ಲಿ 'ಪೇಡ್' ಬರೆದು, ಇವೆರಡೂ ಹಿಂದೆ ಒಂದೇ ಮನೆಯವು ಎಂಬ ಕಥೆ ಹೇಳುತ್ತೇನೆ. ಉರ್ದು ಮಾಧ್ಯಮದ ಮಕ್ಕಳಿಗೆ 'ಖುಶ್' ಪದದ ವಾವ್ ನೆನಪಿಸಿದರೆ ಸಾಕು, ತಲೆಯಾಡಿಸುತ್ತಾರೆ. ನಂತರ ಹಲಗೆ ಒರೆಸಿ, ನೋಡದೆ ಬರೆಯಲು ಹೇಳುತ್ತೇನೆ. ಇಷ್ಟೆಲ್ಲ ಆದ ಮೇಲೆ ಕಾರ್ಡು ಬರುತ್ತದೆ.

ಬಣ್ಣ ಹಲಗೆಯ ಮೇಲೆ ಮಾತ್ರ ಇರಬೇಕು, ಕಾರ್ಡಿನ ಮೇಲೆ ಬೇಡ. ಒಂದು ವರ್ಷ ಕಷ್ಟದ ಭಾಗವನ್ನೆಲ್ಲ ಕಾರ್ಡಿನಲ್ಲೇ ಕೆಂಪು ಮಾಡಿದ್ದೆ. ಆ ಕೆಂಪೇ ಇನ್ನೊಂದು ಹೆಬ್ಬೆಟ್ಟಾಯಿತು. ಈಗ ಎಲ್ಲ ಕಾರ್ಡುಗಳೂ ಒಂದೇ ರಟ್ಟಿನವು, ಒಂದೇ ಅಳತೆಯವು, ಕಪ್ಪು ಶಾಯಿ, ಸಣ್ಣ ಇಂಗ್ಲಿಷ್ ಅಕ್ಷರ. ಪ್ರತಿ ಪದಕ್ಕೂ ಎರಡು ಕಾರ್ಡು ಮಾಡಿ ಒಂದನ್ನು ಬೇರೆಯವರ ಕೈಯಿಂದ ಬರೆಸುತ್ತೇನೆ. ವಾರಕ್ಕೆ ಮೂರೋ ನಾಲ್ಕೋ ಹೊಸ ಪದ, ಉಳಿದದ್ದು ಹಳೆಯದು. ಡಾಲ್ಚ್‌ನ 220 ಪದಗಳಲ್ಲಿ 'ಆ್ಯಂಡ್', 'ಬಿಗ್', 'ರನ್', 'ಜಂಪ್', 'ಹೆಲ್ಪ್' ಮುಂತಾಗಿ ಅರ್ಧಕ್ಕಿಂತ ಹೆಚ್ಚು ಪದಗಳು ಕೂಡಿಸಿ ಓದಲು ಬರುವಂಥವೇ. ಅವಕ್ಕೆ ಕಾರ್ಡು ಮಾಡಿ ಕಣ್ಣಿನಲ್ಲಿ ಕಲಿಸುವುದು ಮಗುವಿನ ಕೈಯಿಂದ ಊರುಗೋಲನ್ನು ಕಿತ್ತುಕೊಂಡಂತೆ. ಪಟ್ಟಿಯಲ್ಲಿ 'ಶಲ್' ಎಂಬ ಪದವೂ ಇದೆ. 1936ರ ಅಮೆರಿಕಕ್ಕೆ ಅದು ಬೇಕಿತ್ತೇನೋ. ನಮ್ಮ ಎರಡನೇ ತರಗತಿಗೆ ಬೇಕಿಲ್ಲ.

ಆಟಗಳ ವಿಷಯದಲ್ಲೂ ಇದೇ ಪರೀಕ್ಷೆ. ತಂಬೋಲಾ ಆಡಿಸುವಾಗ ಕೂಗುವವರು ಕಾರ್ಡನ್ನು ಎತ್ತಿ ತೋರಿಸಿದರೆ ಮಗು ಆಕಾರಕ್ಕೆ ಆಕಾರ ಹೊಂದಿಸುತ್ತದೆ, ಓದುವುದಿಲ್ಲ. ಎರಡು ಒಂದೇ ಪದದ ಕಾರ್ಡುಗಳನ್ನು ಹುಡುಕುವ ಜೋಡಿಯಾಟದಲ್ಲಿ ಒಂದಕ್ಷರ ಬಾರದವನೂ ಗೆಲ್ಲಬಹುದು, ನನ್ನ ತರಗತಿಯಲ್ಲಿ ಗೆದ್ದಿದ್ದಾನೆ ಕೂಡ. ಆದ್ದರಿಂದ ತಂಬೋಲಾದಲ್ಲಿ ಪದವನ್ನು ಬಾಯಲ್ಲಿ ಮಾತ್ರ ಹೇಳುತ್ತೇನೆ, ಮಗು ತನ್ನ ಚೀಟಿಯಲ್ಲಿ ಹುಡುಕಬೇಕು. ಚೀಟಿಯಲ್ಲಿ 'ವಾಝ್' ಇದ್ದರೆ ಅದೇ ಅಕ್ಷರಗಳನ್ನು ತಿರುಗಿಸಿದ 'ಸಾ' ಎಂಬ ಪದವೂ ಇರುತ್ತದೆ. 'ಆಫ್' ಇದ್ದರೆ 'ಫಾರ್' ಇರುತ್ತದೆ. ಸಾಲು ತುಂಬಿತೆಂದು ಕೂಗಿದ ಮಗು ಸಾಲಿನ ಒಂದು ಪದವನ್ನು ನೋಡದೆ ಬರೆದು ತೋರಿಸಿದರೆ ಮಾತ್ರ ಗೆಲುವು.

ಯಾರು ಮೊದಲು ಹೇಳುತ್ತಾರೋ ಅವರಿಗೆ ಕಾರ್ಡು ಎಂಬ ಆಟವನ್ನು ನಿಲ್ಲಿಸಿದ್ದೇನೆ. ಅದರಲ್ಲಿ ಮೂವರು ಆಡುತ್ತಾರೆ, ಮೂವತ್ತು ಮಂದಿ ನೋಡುತ್ತಾರೆ. ಬದಲಿಗೆ ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳಲ್ಲಿ ಪದ ಬರೆಯುತ್ತೇವೆ. ಬಿಲ್ಲೆ ಬಿದ್ದ ಮನೆಯ ಪದವನ್ನು ಓದಿ, ಅದರ ಯಾವ ಅಕ್ಷರ ಹಾದಿ ತಪ್ಪಿದೆ ಎಂದು ಹೇಳಿ ಕುಂಟಬೇಕು. ಎಲ್ಲರ ಸರದಿಯೂ ಬರುತ್ತದೆ. ಪ್ರತಿದಿನ ಸೀಮೆಸುಣ್ಣದಲ್ಲಿ ಹೊಸದಾಗಿ ಬರೆಯುವುದರಿಂದ ಯಾವ ಕಲೆಯನ್ನೂ ನೆನಪಿಡಲು ಆಗುವುದಿಲ್ಲ.

ಪದ ನಿಜವಾಗಿ ಬಂದಿದೆಯೇ ಎಂದು ತಿಳಿಯಲು ಮಗು ಮಾಡುವ ತಪ್ಪನ್ನೇ ಕೇಳಿಸಿಕೊಳ್ಳುತ್ತೇನೆ. 'ಸೆಡ್' ಕಾರ್ಡಿಗೆ 'ದೇರ್' ಎಂದರೆ ಅದು ಊಹೆ, ಕಾರ್ಡುಗಳ ರಾಶಿಯಲ್ಲಿ ಒಂದನ್ನು ಎಸೆದು ನೋಡುತ್ತಿದೆ. 'ಸೇಡ್' ಎಂದು 'ಪೇಡ್' ಹಾಗೆ ಎಳೆದು ಓದಿದರೆ ಅದು ಒಳ್ಳೆಯ ತಪ್ಪು. ಮಗು ಅಕ್ಷರಗಳನ್ನು ನೋಡಿದೆ, ಒಂದು ಗಂಟು ಮಾತ್ರ ಬಾಕಿ.

ಚಹಾದ ಕಲೆಯ ಹುಡುಗಿಗೆ ಮತ್ತೆ ಮೊದಲಿನಿಂದ ಕಲಿಸಿದೆ. ಹನ್ನೊಂದು ದಿನ ಹಿಡಿಯಿತು. ಒಂದು ಬೆಳಿಗ್ಗೆ ಪಾಠದ ಪುಸ್ತಕ ಹಿಡಿದು ಮೇಜಿನ ಬಳಿ ಬಂದು, ಯಾವ ಕಲೆಯೂ ಇಲ್ಲದ ಸಾಲಿನ ನಡುವೆ ಬೆರಳಿಟ್ಟು, "ಟೀಚರ್, ಇಲ್ಲೂ ಸೆಡ್ ಇದೆ" ಎಂದಳು. ಅದೇ ಪುಟದಲ್ಲಿ ಇನ್ನೂ ಎರಡು ಇದ್ದವು. ಅವನ್ನೂ ಹುಡುಕಿಕೊಂಡು ಬಾ ಎಂದು ಕಳುಹಿಸಿದೆ.